ಹಬ್ಬದ ತಟ್ಟೆಯಲ್ಲಿ ಎಲೆ, ಹೂವು, ಬೆಳ್ಳಿ ರೇಕು: ನಾನು ಜೋಡಿಸುವ ರೀತಿ

ದೀಪಾವಳಿಗೆ ನಮ್ಮ ಮನೆಯಲ್ಲಿ ಎರಡು ಬಗೆಯ ತಿಂಡಿ ತಟ್ಟೆ ತಯಾರಾಗುತ್ತವೆ. ಒಂದು ಲಕ್ಷ್ಮೀಪೂಜೆಯ ಸಂಜೆ ಬಂದವರ ಕಣ್ಣಿಗೆ ಕಾಣುವಂತೆ ಇಡುವುದು. ಇನ್ನೊಂದು ನೆಂಟರಿಗೆ, ಅಕ್ಕಪಕ್ಕದವರಿಗೆ ಕೊಡುವುದು. ಮೊದಲನೆಯದು ಮೂರ್ನಾಲ್ಕು ಗಂಟೆ ಚೆನ್ನಾಗಿದ್ದರೆ ಸಾಕು. ಎರಡನೆಯದು ಒಂದೆರಡು ದಿನ ಮುಚ್ಚಿಕೊಂಡೇ ಇರಬೇಕು, ಬಿಚ್ಚಿದಾಗ ಚಕ್ಕುಲಿ ಟಕ್ ಅಂತ ಮುರಿಯಬೇಕು. ಹಸಿ ಎಲೆಯಲ್ಲೂ ಹಸಿ ಹೂವಲ್ಲೂ ನೀರಿದೆ. ಕರಿದ ತಿಂಡಿ ಆ ನೀರನ್ನು ಬೇಗ ಎಳೆದುಕೊಂಡು ಮೆತ್ತಗಾಗುತ್ತದೆ. ಅದಕ್ಕೇ ನಾನು ಬಣ್ಣದ ಬಗ್ಗೆ ಯೋಚಿಸುವ ಮೊದಲು, ಯಾವುದು ಯಾವುದಕ್ಕೆ ತಾಗಬಾರದು ಅಂತ ಯೋಚಿಸುತ್ತೇನೆ.

ನೋಡಲು ಇಡುವ ತಟ್ಟೆಗೆ ಬಾಳೆ ಎಲೆಯೇ ಚೆಂದ. ಎಲೆಯನ್ನು ಹಾಗೇ ಕತ್ತರಿಸಿದರೆ ಅಂಚಿನಲ್ಲಿ ಸೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯ ಮೇಲೆ ಎಲೆಯನ್ನು ಸರಿಸುತ್ತಾ ಬಾಡಿಸುತ್ತೇನೆ. ಹಸಿರು ಗಾಢವಾಗಿ, ಮೇಲ್ಮೈ ಹೊಳೆಯಲು ಶುರುವಾದ ತಕ್ಷಣ ತೆಗೆಯಬೇಕು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಡುವಿನ ದಿಂಡನ್ನು ಹಿಂಬದಿಯಿಂದ ಚಾಕುವಿನಲ್ಲಿ ಹೆರೆದು ತೆಳು ಮಾಡಿದರೆ ಎಲೆ ತಟ್ಟೆಗೆ ಸಮವಾಗಿ ಕೂರುತ್ತದೆ. ಆಮೇಲೆ ಒಣ ಬಟ್ಟೆಯಲ್ಲಿ ಎರಡೂ ಬದಿ ಒರೆಸಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಹರಡುತ್ತೇನೆ. ಈ ಒರೆಸುವ ಕೆಲಸವನ್ನು ಬಿಡುವವರೇ ಜಾಸ್ತಿ.

ಕೊಡುವ ತಟ್ಟೆಗೆ ಬಾಳೆ ಎಲೆ ಹಾಕುವುದೇ ಇಲ್ಲ. ಮುಚ್ಚಿದ ಜಾಗದಲ್ಲಿ ಎಲೆ ಬೆವರುತ್ತದೆ, ಪ್ಲಾಸ್ಟಿಕ್ ಹಾಳೆಯ ಒಳಗೆ ಹನಿ ಕಟ್ಟುತ್ತದೆ. ಅದಕ್ಕೆ ಅಡಿಕೆ ಹಾಳೆಯ ತಟ್ಟೆ, ಇಲ್ಲವೇ ಒಣಗಿದ ಮುತ್ತುಗದ ಎಲೆ ಒಳ್ಳೆಯದು. ಎರಡೂ ಒಣಗಿದವು, ವಾಸನೆ ಬಿಡುವುದಿಲ್ಲ, ಕಂದು ಬಣ್ಣದ ಮೇಲೆ ಬಿಳಿ ಬರ್ಫಿ ಎದ್ದು ಕಾಣುತ್ತದೆ. ತುಪ್ಪದ ತಿಂಡಿಯ ಕೆಳಗೆ ಮಾತ್ರ ಬಟರ್ ಪೇಪರ್ ಹಾಕಬೇಕು, ಇಲ್ಲದಿದ್ದರೆ ಹಾಳೆ ತುಪ್ಪ ಹೀರಿ ಕಲೆಯಾಗುತ್ತದೆ. ಅಲಂಕಾರಕ್ಕೆ ಬಣ್ಣಬಣ್ಣದ ಕ್ರೋಟನ್ ಎಲೆ ಇಡುವವರಿದ್ದಾರೆ. ಅದರ ಹಾಲು ಬಾಯಿಗೆ ಒಳ್ಳೆಯದಲ್ಲ. ತಿಂಡಿಯ ಹತ್ತಿರ ಅದು ಬೇಡ.

ಹೂವಿನಲ್ಲಿ ಇನ್ನೂ ಹುಷಾರಾಗಿರಬೇಕು. ದೇವರಿಗೆ ಏರಿಸುವ ಹೂವೆಲ್ಲ ತಿನ್ನುವ ಹೂವಲ್ಲ. ಕಣಗಿಲೆ ಪೂಜೆಗೆ ಬರುತ್ತದೆ, ಆದರೆ ಆ ಗಿಡದ ಪ್ರತಿ ಭಾಗವೂ ವಿಷ. ನಂದಿಬಟ್ಟಲನ್ನೂ ತಿಂಡಿ ತಟ್ಟೆಯಿಂದ ದೂರ ಇಡುತ್ತೇನೆ. ನಾನು ಬಳಸುವುದು ನಾಟಿ ಗುಲಾಬಿ, ದಾಸವಾಳ, ಶಂಖಪುಷ್ಪ, ಈ ಮೂರನ್ನೇ. ಅವೂ ಮನೆಯ ಮಹಡಿ ಮೇಲಿನ ಕುಂಡಗಳಲ್ಲಿ ಬೆಳೆದವು. ಮಾರುಕಟ್ಟೆಯ ಹೂವಿಗೆ ಏನು ಔಷಧಿ ಹೊಡೆದಿದ್ದಾರೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ ಅಲ್ವಾ? ತೊಳೆದರೂ ಅದು ಪೂರ್ತಿ ಹೋಗುತ್ತದೆ ಅಂತ ಹೇಳಲಾಗದು.

ಹೂವನ್ನು ಸ್ವಲ್ಪ ಹೊತ್ತು ಉಪ್ಪು ನೀರಲ್ಲಿ ಬಿಟ್ಟರೆ ಒಳಗಿನ ಸಣ್ಣ ಹುಳ ಹೊರಬರುತ್ತವೆ. ಮತ್ತೆ ಒಳ್ಳೆ ನೀರಲ್ಲಿ ಅದ್ದಿ, ಬಟ್ಟೆಯ ಮೇಲೆ ಹರಡುತ್ತೇನೆ. ಗುಲಾಬಿ ಎಸಳಿನ ಬುಡದ ಬಿಳಿ ಭಾಗ ಕಹಿ, ಅದನ್ನು ಕತ್ತರಿಸಿ ಹಾಕುತ್ತೇನೆ. ದಾಸವಾಳದ ನಡುವಿನ ಕೇಸರದ ಕಡ್ಡಿಯನ್ನೂ ತೆಗೆಯಬೇಕು, ಅದರ ಪುಡಿ ಉದುರಿ ತಿಂಡಿಯೆಲ್ಲ ಹಳದಿಯಾಗುತ್ತದೆ. ಕೊಡುವ ತಟ್ಟೆಗಾದರೆ ಗುಲಾಬಿ ಎಸಳನ್ನು ಹಬ್ಬಕ್ಕೆ ವಾರ ಮೊದಲೇ ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಡುತ್ತೇನೆ. ಹಿಡಿದರೆ ಚೂರಾಗುವಷ್ಟು ಒಣಗಿರಬೇಕು.

ಬೆಳ್ಳಿ ರೇಕಿಗೆ ಗೋಡಂಬಿ ಬರ್ಫಿಯಷ್ಟು ಹೊಂದುವ ತಿಂಡಿ ಇನ್ನೊಂದಿಲ್ಲ, ಯಾಕೆಂದರೆ ಅದರ ಮೇಲ್ಮೈ ನುಣುಪು. ಮೈಸೂರು ಪಾಕಿನಲ್ಲಿ ತೂತು ಜಾಸ್ತಿ, ಕೊಬ್ಬರಿ ಮಿಠಾಯಿ ತರಿ ತರಿ, ಎರಡರ ಮೇಲೂ ರೇಕು ಹರಿದು ತೇಪೆ ಹಾಕಿದಂತಾಗುತ್ತದೆ. ಅವಕ್ಕೆ ಒಣ ಗುಲಾಬಿ ಎಸಳೇ ಸಾಕು.

ರೇಕು ಕೊಳ್ಳುವಾಗ ಅದು ನಿಜವಾದ ಬೆಳ್ಳಿಯೇ ಅಂತ ನೋಡಬೇಕು. ಅಲ್ಯೂಮಿನಿಯಂ ಹಾಳೆ ಮಾರುವವರಿದ್ದಾರೆ. ಒಂದು ಚೂರನ್ನು ಬೆರಳುಗಳ ನಡುವೆ ಉಜ್ಜಿ. ಬೆಳ್ಳಿಯಾದರೆ ಪುಡಿಯಾಗಿ ಚರ್ಮಕ್ಕೆ ಅಂಟಿ ಮಾಯವಾಗುತ್ತದೆ. ಅಲ್ಯೂಮಿನಿಯಂ ಆದರೆ ಉಂಡೆಗಟ್ಟುತ್ತದೆ. ಸುಟ್ಟು ನೋಡಿದರೆ ಇನ್ನೂ ಖಾತ್ರಿ: ಬೆಳ್ಳಿ ಹೊಳೆಯುವ ಸಣ್ಣ ಮಣಿಯಾಗಿ ಉಳಿಯುತ್ತದೆ, ಅಲ್ಯೂಮಿನಿಯಂ ಕಪ್ಪು ಬೂದಿಯಾಗುತ್ತದೆ. ಹಿಂದೆ ಬೆಳ್ಳಿಯನ್ನು ಪ್ರಾಣಿಗಳ ಚರ್ಮ, ಕರುಳಿನ ಪದರಗಳ ನಡುವೆ ಇಟ್ಟು ಬಡಿದು ರೇಕು ಮಾಡುತ್ತಿದ್ದರು. ಈಗ ಯಂತ್ರದಲ್ಲಿ ಮಾಡಿದ್ದು ಸಿಗುತ್ತದೆ. ನೈವೇದ್ಯದ ತಿಂಡಿಗೆ ನಾನು ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡದೆ ತರುವುದಿಲ್ಲ.

ಬರ್ಫಿಯನ್ನು ಲಟ್ಟಿಸಿ ಪೂರ್ತಿ ಆರಿದ ಮೇಲೆ, ಕತ್ತರಿಸುವ ಮೊದಲು ರೇಕು ಹಾಕುತ್ತೇನೆ. ಬಿಸಿ ಇದ್ದರೆ ಹಬೆಗೆ ಸುಕ್ಕು ಬೀಳುತ್ತದೆ. ಮೇಲೆ ತುಪ್ಪ ತೇಲಿದ್ದರೆ ಹೊಳಪು ಮಂಕಾಗುತ್ತದೆ, ಹಾಗಾಗಿ ಪೇಪರಿನಲ್ಲಿ ಒತ್ತಿ ತೆಗೆಯುತ್ತೇನೆ. ಫ್ಯಾನ್ ಆಫ್, ಕಿಟಕಿ ಮುಚ್ಚು. ರೇಕನ್ನು ಕೈಯಲ್ಲಿ ಎತ್ತುವ ಹಾಗಿಲ್ಲ. ಅದು ಕೂತಿರುವ ಕಾಗದವನ್ನೇ ಬರ್ಫಿಯ ಮೇಲೆ ಮಗುಚಿ, ಹಿಂದಿನಿಂದ ಒಣ ಹತ್ತಿಯಲ್ಲಿ ಮೆತ್ತಗೆ ಒತ್ತಿ, ಒಂದು ಮೂಲೆಯಿಂದ ಕಾಗದ ಎತ್ತಬೇಕು. ಹಿಡಿಯದಿದ್ದರೆ ಮೇಲ್ಮೈ ಒಣಗಿದೆ ಅಂತ ಅರ್ಥ. ಹಿಂಡಿದ ಬಟ್ಟೆಯಲ್ಲಿ ಒಮ್ಮೆ ಸವರಿದರೆ ಆಯಿತು. ಆಮೇಲೆ ವಜ್ರಾಕಾರಕ್ಕೆ ಕತ್ತರಿಸಿದರೆ ರೇಕು ಅಂಚಿನವರೆಗೂ ನೇರವಾಗಿ ಬರುತ್ತದೆ. ತುಂಡು ತುಂಡಿಗೆ ಬೇರೆ ಬೇರೆ ಹಾಕಿದರೆ ಅರ್ಧ ರೇಕು ಸುಮ್ನೆ ಹಾಳು.

ಈಗ ಹನ್ನೆರಡು ಇಂಚಿನ ಹಿತ್ತಾಳೆ ತಟ್ಟೆಯೊಂದನ್ನು ಜೋಡಿಸುವುದು ಹೇಗೆ ಅಂತ ಹೇಳುತ್ತೇನೆ. ಇದು ನೋಡಲು ಇಡುವ ತಟ್ಟೆ. ದುಂಡಗೆ ಕತ್ತರಿಸಿದ ಬಾಳೆ ಎಲೆ ಹಾಸಿ, ನಡುವೆ ಅಡಿಕೆ ಹಾಳೆಯ ಬಟ್ಟಲು ಇಡುತ್ತೇನೆ. ಕರಿದದ್ದೆಲ್ಲ ಆ ಬಟ್ಟಲಿಗೇ. ಚಕ್ಕುಲಿ, ನಿಪ್ಪಟ್ಟುಗಳನ್ನು ಮಲಗಿಸದೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ಸುತ್ತು ಚೆನ್ನಾಗಿ ಕಾಣುತ್ತದೆ, ಎತ್ತರವೂ ಬರುತ್ತದೆ. ಕೋಡುಬಳೆ ಮೇಲೆ ಎರಡು ಮೂರು ಸಾಕು. ಬಟ್ಟಲಿನ ಸುತ್ತ ಬರ್ಫಿ, ತುದಿಗಳು ಹೊರಗೆ ಚಾಚುವಂತೆ. ಒಂದು ಕಡೆ ಜಾಗ ಬಿಟ್ಟು ಬೇಸನ್ ಲಾಡಿನ ಗೋಪುರ: ನಡುವೆ ಒಂದು, ಸುತ್ತ ಆರು, ಅದರ ಮೇಲೆ ಮೂರು, ತುದಿಗೆ ಒಂದು. ಲಾಡು ಒಂದೇ ಅಳತೆಯವಾದರೆ ಹನ್ನೊಂದೂ ಆಸರೆಯಿಲ್ಲದೆ ನಿಲ್ಲುತ್ತವೆ. ಹಸಿ ಎಸಳು ಸಿಹಿಯ ಕಡೆ ಮಾತ್ರ, ಅದೂ ಎಲೆಯ ಮೇಲೆ, ಬರ್ಫಿಯ ಮೇಲಲ್ಲ. ದಾಸವಾಳದ ಎಸಳು ಬೇಗ ಬಾಡುವುದರಿಂದ ಬಾಗಿಲಲ್ಲಿ ನೆಂಟರ ಸದ್ದು ಕೇಳಿದ ಮೇಲೇ ಇಡುತ್ತೇನೆ.

ಕೊಡುವ ತಟ್ಟೆಯಲ್ಲಿ ಖಾರವನ್ನು ಸಿಹಿಯ ಜೊತೆ ಬಿಚ್ಚಿಡುವುದಿಲ್ಲ. ಇಂಗಿನ ವಾಸನೆ ರಾತ್ರಿ ಕಳೆಯುವುದರೊಳಗೆ ಬರ್ಫಿಗೆ ಹತ್ತುತ್ತದೆ. ಚಕ್ಕುಲಿ, ಕೋಡುಬಳೆ ಪೂರ್ತಿ ಆರಿದ ಮೇಲೆ ಪಾರದರ್ಶಕ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ, ಅದನ್ನೇ ತಟ್ಟೆಯಲ್ಲಿ ಒಂದು ಬದಿಗೆ ಜೋಡಿಸುತ್ತೇನೆ. ದೀಪಾವಳಿ ಹೊತ್ತಿಗೆ ಮಳೆ ಇನ್ನೂ ಇರುತ್ತದೆ, ಅಂಥ ದಿನ ಬಿಚ್ಚಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತವೆ. ಎಲೆ ಅಡಿಕೆಯನ್ನೂ ಬೇರೆ ಕವರಿನಲ್ಲಿ ಹಾಕುತ್ತೇನೆ, ವೀಳ್ಯದೆಲೆ ಒದ್ದೆಯಾಗಿರುತ್ತದಲ್ಲ. ರೇಕು ಹಚ್ಚಿದ ಬರ್ಫಿಯ ಮೇಲೆ ಬಟರ್ ಪೇಪರ್ ಒತ್ತಿದರೆ ರೇಕು ಅದಕ್ಕೇ ಅಂಟಿಕೊಂಡು ಬರುತ್ತದೆ. ಅದಕ್ಕೆ ಬರ್ಫಿಯನ್ನು ಒಂದೇ ಪದರದಲ್ಲಿ, ಅಂಚು ಎತ್ತರವಿರುವ ಡಬ್ಬಿಯಲ್ಲಿ ಇಟ್ಟು, ಮುಚ್ಚಳ ತಾಗದಂತೆ ಕೊಡುತ್ತೇನೆ. ಒಣ ಎಸಳನ್ನು ಡಬ್ಬಿ ಮುಚ್ಚುವ ಮೊದಲು ಮೇಲಿಂದ ಉದುರಿಸುತ್ತೇನೆ.