10 ಎಚ್‌ಪಿ ಮೋಟರ್ ತಗೊಳ್ಳೋವಾಗ ನಾನು ನೇಮ್‌ಪ್ಲೇಟ್ ಓದಿದ್ದು ಹೀಗೆ

ನಮ್ಮ ಹಿಟ್ಟಿನ ಗಿರಣಿಗೆ ಸೆಕೆಂಡ್ ಹ್ಯಾಂಡ್ ಮೋಟರ್ ಬೇಕು ಅಂತ ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋಗಿದ್ದೆ. ಬೇಕಿದ್ದದ್ದು 10 ಎಚ್‌ಪಿ, ತ್ರೀ ಫೇಸ್, 4 ಪೋಲ್. ಒಂದೇ ಅಂಗಡಿಲಿ ಮೂರು ಇತ್ತು, "ಮೂರೂ ಹತ್ತು ಎಚ್‌ಪಿನೇ ಅಣ್ಣಾ, ಕಮ್ಮಿ ರೇಟಿಂದು ತಗೊಂಡು ಹೋಗಿ" ಅಂದ್ರು ಅಂಗಡಿಯವ್ರು. ಎಚ್‌ಪಿ ಮೂರರದ್ದೂ ಒಂದೇ, ಅದು ನಿಜ, ಆದ್ರೆ ಪ್ಲೇಟ್ ಒರೆಸಿ ಓದಿದ್ರೆ ಮೂರೂ ಬೇರೆ ಬೇರೆ ಕೆಲಸಕ್ಕೆ ಮಾಡಿರೋ ಮೋಟರು.

ಎಲ್ಲಕ್ಕಿಂತ ಕಮ್ಮಿ ರೇಟಿಂದರ ಮೇಲೆ ಡ್ಯೂಟಿ ಅನ್ನೋ ಜಾಗದಲ್ಲಿ ಎಸ್3, 40% ಅಂತ ಇತ್ತು. ಅಂದ್ರೆ ಹತ್ತು ನಿಮಿಷದ ಸೈಕಲ್ಲಲ್ಲಿ ನಾಲ್ಕು ನಿಮಿಷ ಓಡಿ ಆರು ನಿಮಿಷ ನಿಲ್ಲೋದಾದ್ರೆ ಮಾತ್ರ ಅದು 10 ಎಚ್‌ಪಿ ಕೊಡುತ್ತೆ, ಹಾಯ್ಸ್ಟ್, ಕ್ರೇನ್ ಕೆಲಸಕ್ಕೆ ಸರಿ. ಗಿರಣಿಲಿ ಹಬ್ಬದ ಟೈಮಲ್ಲಿ ಕ್ಯೂ ನಿಂತ್ರೆ ಗಂಟೆಗಟ್ಟಲೆ ಆಫ್ ಮಾಡೋಕೇ ಆಗಲ್ಲ, ಈ ಮೋಟರಿಗೆ ಫುಲ್ ಲೋಡ್ ಹಾಕಿ ಹಾಗೆ ಓಡಿಸಿದ್ರೆ ತಣ್ಣಗಾಗೋಕೆ ಟೈಮೇ ಸಿಗದೆ ವೈಂಡಿಂಗ್ ಬೆಂದು ಹೋಗುತ್ತೆ. ನಮಗೆ ಬೇಕಾದ್ದು ಎಸ್1, ಅಂದ್ರೆ ನಿಲ್ಲಿಸದೆ ಓಡೋದು. ಎಸ್2 ಅಂತ ಇದ್ರೆ ಪಕ್ಕದಲ್ಲಿ ನಿಮಿಷ ಬರೆದಿರ್ತಾರೆ, ಅಷ್ಟು ಹೊತ್ತು ಓಡಿಸಿ ಪೂರ್ತಿ ತಣ್ಣಗಾಗೋಕೆ ಬಿಡ್ಬೇಕು. ಡ್ಯೂಟಿ ಬರೆದೇ ಇಲ್ಲ ಅಂದ್ರೆ ಎಸ್1 ಅಂತ ತಿಳ್ಕೊಳ್ಳೋದು ರೂಢಿ, ಆದ್ರೆ ಪ್ಲೇಟ್ ಅರ್ಧ ಅಳಿಸಿ ಹೋಗಿರೋ ಹಳೇ ಮೋಟರಲ್ಲಿ ಅದನ್ನ ನಂಬಬೇಡಿ.

ಎರಡನೇದು ಅಮೆರಿಕಾದ ಮೆಷಿನ್ ಒಂದರಿಂದ ಬಿಚ್ಚಿದ್ದು, ಸರ್ವಿಸ್ ಫ್ಯಾಕ್ಟರ್ 1.15 ಅಂತ ಇತ್ತು. ಅದು 11.5 ಎಚ್‌ಪಿವರೆಗೂ ತಡ್ಕೊಳುತ್ತೆ ಅಂತ ಅಂಗಡಿಯವ್ರ ಮಾತು. ಲೆಕ್ಕ ಸರಿ, ಆದ್ರೆ ಪ್ಲೇಟಲ್ಲಿರೋ ವೋಲ್ಟೇಜ್, ಫ್ರೀಕ್ವೆನ್ಸಿ ಸಿಕ್ಕಿದಾಗ ಮಾತ್ರ, ಅದೂ ಬಿಸಿ ಜಾಸ್ತಿಯಾಗಿ ಆಯುಷ್ಯ ಕಮ್ಮಿ ಆಗುತ್ತೆ. ಈ ಪ್ಲೇಟಲ್ಲಿ 460 ವೋಲ್ಟ್, 60 ಹರ್ಟ್ಸ್ ಇತ್ತು. ನಮ್ಮ 50 ಹರ್ಟ್ಸಲ್ಲಿ ಸ್ಪೀಡ್ ಆರರಲ್ಲಿ ಒಂದು ಪಾಲು ಇಳಿಯುತ್ತೆ, ಅದರ ಜೊತೆಗೆ 10 ಎಚ್‌ಪಿ ಸುಮಾರು 8.3 ಆಗುತ್ತೆ, ಆ 1.15ನ ನೆಚ್ಕೊಳ್ಳೋ ಹಾಗೇ ಇಲ್ಲ. ನಮ್ಮಲ್ಲಿ ತಯಾರಾಗೋ ಮೋಟರಲ್ಲಿ ಸಾಮಾನ್ಯವಾಗಿ ಸರ್ವಿಸ್ ಫ್ಯಾಕ್ಟರ್ 1.0, ಎಷ್ಟೋ ಸಲ ಬರೆದೇ ಇರಲ್ಲ, ಹಾಗಾಗಿ ದಿನಾ ಓವರ್‌ಲೋಡ್ ಆಗೋ ಕಡೆ ಒಂದು ಸೈಜ್ ದೊಡ್ಡದು ತಗೊಳ್ಳೋದೇ ಒಳ್ಳೇದು.

ನಾನು ತಗೊಂಡಿದ್ದು ಮೂರನೇದು: 7.5 ಕಿಲೋವ್ಯಾಟ್, 415 ವೋಲ್ಟ್, 14 ಆಂಪ್ಸ್, ಪವರ್ ಫ್ಯಾಕ್ಟರ್ 0.84, ಎಫಿಶಿಯೆನ್ಸಿ 88.7%, ಎಸ್1, ಇನ್ಸುಲೇಶನ್ ಕ್ಲಾಸ್ ಎಫ್, ಟೆಂಪರೇಚರ್ ರೈಸ್ ಬಿ, ಆಂಬಿಯೆಂಟ್ 50 ಡಿಗ್ರಿ, ಐಪಿ55. ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ಸಿದ್ದು ಆ ಎಫ್ ಮತ್ತೆ ಬಿ. ಎಫ್ ಇನ್ಸುಲೇಶನ್ 155 ಡಿಗ್ರಿವರೆಗೆ ತಾಳುತ್ತೆ, ಬಿ 130ವರೆಗೆ. ಒಳಗೆ ಎಫ್ ಹಾಕಿ ಬಿಸಿಯನ್ನ ಮಾತ್ರ ಬಿ ಲಿಮಿಟ್ ಒಳಗೇ ಇಟ್ಟಿದ್ದಾರೆ ಅಂದ್ರೆ ಸುಮಾರು 25 ಡಿಗ್ರಿ ಮಾರ್ಜಿನ್ ನಮ್ಮ ಕೈಲಿ ಇರುತ್ತೆ. ಬಿಸಿ 10 ಡಿಗ್ರಿ ಜಾಸ್ತಿ ಆದ್ರೆ ಇನ್ಸುಲೇಶನ್ ಆಯುಷ್ಯ ಅರ್ಧಕ್ಕೆ ಇಳಿಯುತ್ತೆ ಅನ್ನೋದು ಈ ಲೈನಲ್ಲಿರೋರ ಅಂದಾಜು ಲೆಕ್ಕ. ಏಪ್ರಿಲಲ್ಲಿ ಶೀಟ್ ಕೆಳಗೆ ನಮ್ಮ ಗಿರಣಿ ಹೇಗೆ ಕಾಯುತ್ತೆ ಅಂತ ನೆನೆಸ್ಕೊಂಡ್ರೆ, ಆಂಬಿಯೆಂಟ್ ಬರೆಯದೆ ಇರೋ ಅಂದ್ರೆ 40ಕ್ಕೆ ಲೆಕ್ಕ ಹಾಕಿರೋ ಮೋಟರಿಗಿಂತ ಇದೇ ವಾಸಿ. ಹಿಟ್ಟಿನ ಧೂಳು ಇರೋದ್ರಿಂದ ಐಪಿ55 ಬೇಕೇ ಬೇಕು, ಆದ್ರೂ ಫ್ಯಾನ್ ಕವರ್ ಮೇಲೆ ಕೂರೋ ಹಿಟ್ಟನ್ನ ನಾವೇ ತೆಗೀಬೇಕು.

ದುಡ್ಡು ಕೊಡೋ ಮುಂಚೆ ಪ್ಲೇಟಲ್ಲಿರೋ ನಂಬರ್ ಒಂದಕ್ಕೊಂದು ತಾಳೆ ಆಗುತ್ತಾ ಅಂತ ಫೋನಲ್ಲೇ ಲೆಕ್ಕ ಹಾಕಿದೆ: 1.732 × 415 × 14 × 0.84 ಅಂದ್ರೆ ಸುಮಾರು 8,450 ವ್ಯಾಟ್, ಇದು ಒಳಗೆ ಹೋಗೋ ಪವರ್. 7,500ನ ಇದರಿಂದ ಭಾಗಿಸಿದ್ರೆ 88.7% ಬರುತ್ತೆ, ಪ್ಲೇಟಲ್ಲಿ ಇರೋದೂ ಅದೇ. ಬೇರೆ ಮೋಟರಿನ ಪ್ಲೇಟ್ ತಂದು ಹೊಡೆದಿದ್ರೆ ಈ ಲೆಕ್ಕ ಸಾಮಾನ್ಯವಾಗಿ ಕೂಡಲ್ಲ. ಆದ್ರೆ ರೀವೈಂಡ್ ಆಗಿದ್ಯಾ ಅನ್ನೋದನ್ನ ಪ್ಲೇಟ್ ಹೇಳಲ್ಲ, ಅದಕ್ಕೆ ಅಲ್ಲೇ ಖಾಲಿ ಓಡಿಸಿ ಮೂರೂ ಫೇಸಿಗೆ ಕ್ಲಾಂಪ್ ಮೀಟರ್ ಹಾಕಿಸಿ ನೋಡಿದೆ, ಮೂರೂ ಹೆಚ್ಚುಕಮ್ಮಿ ಒಂದೇ ಇತ್ತು.

ಊರಿಗೆ ತಂದ ಮೇಲೆ ಓವರ್‌ಲೋಡ್ ರಿಲೇನೂ ಇದೇ ಪ್ಲೇಟ್ ನೋಡಿ ಸೆಟ್ ಮಾಡಿದ್ದು. ನಮ್ಮದು ಸ್ಟಾರ್ ಡೆಲ್ಟಾ ಸ್ಟಾರ್ಟರ್, ರಿಲೇ ಇರೋದು ಮೇನ್ ಕಾಂಟ್ಯಾಕ್ಟರ್ ಕೆಳಗೆ, ಅಲ್ಲಿ ಹರಿಯೋದು ಲೈನ್ ಕರೆಂಟಿನ 58% ಮಾತ್ರ, ಹಾಗಾಗಿ 14ಕ್ಕೆ ಅಲ್ಲ, 8.1ಕ್ಕೆ ಇಡಬೇಕು. ಅದನ್ನ 14ಕ್ಕೆ ಇಟ್ಟುಬಿಟ್ರೆ ಕಲ್ಲು ಬಿಗಿಯಾಗಿ ಮೋಟರ್ ಓವರ್‌ಲೋಡಲ್ಲಿ ಓಡ್ತಿದ್ರೂ ರಿಲೇ ಸುಮ್ನೆ ಇರುತ್ತೆ.