ಪಟಿಕದ ತುಂಡಿನಲ್ಲಿ ಕಂಡ ಉಭಯಧರ್ಮ

ಅಲ್ಯೂಮಿನಿಯಂ ಆಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ ಎಂದು ಉಡುಪಿಯ ಪಿಯು ತರಗತಿಗಳಲ್ಲಿ ಹನ್ನೆರಡು ವರ್ಷ ಪಾಠ ಮಾಡಿದೆ. ಕಣ್ಣೆದುರು ತೋರಿಸಲು ಸಾಧ್ಯವಾದದ್ದು ಕಳೆದ ಮಳೆಗಾಲದಲ್ಲಿ. "ಅದು ಆಗುವ ಕೆಲಸವಲ್ಲ ಮಾರಾಯರೇ, ಬೋರ್ಡಿನಲ್ಲಿ ಬರೆದು ಮುಗಿಸಿ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದರು.

ಅವರು ಹಾಗೆ ಹೇಳಲು ಕಾರಣವಿತ್ತು. ಮೊದಲು ನಾನು ಸುಮಾರು ಆರುನೂರು ರೂಪಾಯಿ ಕೊಟ್ಟು ಅಲ್ಯೂಮಿನಾ ಪುಡಿ ತರಿಸಿದ್ದೆ. ಆಮ್ಲ ಹಾಕಿದೆ, ಕಾಸ್ಟಿಕ್ ಸೋಡಾ ಹಾಕಿದೆ, ಕಾಯಿಸಿದೆ. ಪುಡಿ ತಳ ಬಿಟ್ಟು ಕದಲಲಿಲ್ಲ. ಹೆಚ್ಚಿನ ತಾಪದಲ್ಲಿ ಸುಟ್ಟ ಅಲ್ಯೂಮಿನಾದ ಹರಳು ಬಹಳ ಬಿಗಿ. ಅದರಲ್ಲಿ ಗುಣವಿದೆ, ಆದರೆ ತರಗತಿಯ ನಲವತ್ತೈದು ನಿಮಿಷದಲ್ಲಿ ಅದು ಹೊರಬರುವುದಿಲ್ಲ.

ಆಮೇಲೆ ಇಪ್ಪತ್ತು ರೂಪಾಯಿಯ ಪಟಿಕ ತಂದೆ; ಅದೂ ಅಲ್ಯೂಮಿನಿಯಂ ಇರುವ ಲವಣವೇ. ಐದು ಗ್ರಾಂ ಪಟಿಕವನ್ನು ನೂರು ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಅಮೋನಿಯಾ ಹನಿಸಿದರೆ ಗಂಜಿಯ ತಿಳಿಯಂತೆ ಬಿಳಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೂಡುತ್ತದೆ. ಆಕ್ಸೈಡಿನ ಗುಣವೇ ಇದಕ್ಕೂ ಇದೆ, ಬಿಗಿ ಮಾತ್ರ ಇಲ್ಲ. ಅಮೋನಿಯಾದ ಬದಲು ಕಾಸ್ಟಿಕ್ ಸೋಡಾ ಬಳಸಿದ ದಿನ ಅದು ಹೆಚ್ಚಾಗಿ ಬಿಳುಪೆಲ್ಲ ಮಾಯವಾಯಿತು. ಇನ್ನೊಮ್ಮೆ ತೊಳೆಯದೆಯೇ ಬಳಸಿದೆ. ಉಳಿದಿದ್ದ ಅಮೋನಿಯಂ ಲವಣವೇ ಕ್ಷಾರವನ್ನೆಲ್ಲ ನುಂಗಿತು; ಮೂಗಿಗೆ ಹೊಡೆದ ಅಮೋನಿಯಾ ವಾಸನೆಯೇ ಅದರ ಗುರುತು. ಸೋಸಿ ಮೂರು ಬಾರಿ ತೊಳೆಯಬೇಕು, ಅದೇ ದಿನ ಬಳಸಬೇಕು. ಹಳೆಯದಾದಷ್ಟೂ ಕರಗಲು ಹಟ ಹಿಡಿಯುತ್ತದೆ. ಸೋಸುವಾಗ ಕಾಗದ ಕಟ್ಟಿಕೊಳ್ಳದಂತೆ ನಾನು ಮಾಡುವ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಪಕ್ಕದಲ್ಲಿ ಎಪ್ಸಮ್ ಲವಣದಿಂದ ಮಾಡಿದ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇಟ್ಟೆ. ಅದು ಆಮ್ಲಕ್ಕೆ ಮಾತ್ರ ಕರಗಿತು. ಮಲ್ಪೆಯ ಮರಳನ್ನು ಸಿಲಿಕಾ ಎಂದು ತಂದಾಗ ಆಮ್ಲದಲ್ಲಿ ನೊರೆ ಬಂದು, ಇದು ಪ್ರತ್ಯಾಮ್ಲವೇ ಎಂದು ಮಕ್ಕಳು ಕೇಳಿದರು. ನೊರೆ ಬಂದದ್ದು ಚಿಪ್ಪಿನ ಚೂರುಗಳಿಂದ. ಸಿಲಿಕಾ ಆಮ್ಲೀಯವಾದರೂ ಮರಳಿನ ಕಣ ಕ್ಷಾರದಲ್ಲಿ ಕರಗುವುದು ಬಹಳ ನಿಧಾನ.

ಕಾರಣವನ್ನು ಆಗ ಹೇಳಿದೆ. ಸೋಡಿಯಂ, ಮೆಗ್ನೀಸಿಯಂ ಆಕ್ಸಿಜನ್ನಿನ ಎಲೆಕ್ಟ್ರಾನುಗಳನ್ನು ಅಷ್ಟಾಗಿ ಸೆಳೆಯುವುದಿಲ್ಲ, ಆದ್ದರಿಂದ ಆ ಆಕ್ಸಿಜನ್ ಪ್ರೋಟಾನನ್ನು ಬೇಗ ಹಿಡಿಯುತ್ತದೆ. ರಂಜಕ, ಗಂಧಕ, ಕ್ಲೋರಿನ್ ಬಲವಾಗಿ ಸೆಳೆಯುತ್ತವೆ. ಅವುಗಳ ಆಕ್ಸೈಡ್ ನೀರಿಗೆ ಸೇರಿದರೆ O–H ಬಂಧ ಸಡಿಲಗೊಂಡು ಪ್ರೋಟಾನ್ ಕಳಚುತ್ತದೆ. ಅಲ್ಯೂಮಿನಿಯಂ ಅಯಾನು ಚಿಕ್ಕದು, ಅದರ ಆವೇಶ ಮೂರು. ಅದರ ಸೆಳೆತ ಇವೆರಡರ ನಡುವೆ ನಿಂತಿದೆ. ಹಾಗಾಗಿ ಅದರ ಹೈಡ್ರಾಕ್ಸೈಡ್ ಆಮ್ಲ ಸಿಕ್ಕಿದರೆ ಪ್ರೋಟಾನ್ ಹಿಡಿಯುತ್ತದೆ, ಕ್ಷಾರ ಸಿಕ್ಕಿದರೆ OH⁻ ಸೇರಿಸಿಕೊಂಡು [Al(OH)₄]⁻ ಆಗುತ್ತದೆ.

ಕೊನೆಗೆ ತೊಳೆದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇದ್ದ ಒಂದೇ ಪ್ರನಾಳದಲ್ಲಿ ಸುಮಾರು ಇಪ್ಪತ್ತು ಹನಿ ಎರಡು ಮೋಲಾರ್ ಕಾಸ್ಟಿಕ್ ಸೋಡಾ ಹಾಕಿದೆ, ಬಿಳುಪು ತಿಳಿಯಾಯಿತು. ಆಮ್ಲ ಹನಿಸುತ್ತ ಹೋದೆ. ಬಿಳುಪು ಮರಳಿ ಬಂತು, ಇನ್ನಷ್ಟು ಹನಿಸಿದಾಗ ಮತ್ತೆ ತಿಳಿಯಾಯಿತು. ಹಿರಿಯರು ಎದ್ದು ಬಂದು ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪಟಿಕ ಯಾವ ಅಂಗಡಿಯದು ಎಂದು ಕೇಳಿದರು.