ಮಾನನಷ್ಟದ ನೋಟಿಸ್ ಬಂದರೆ ವರದಿಯನ್ನು ಸಾಲುಸಾಲಾಗಿ ಬಿಡಿಸುವುದು ಹೇಗೆ?

ವಕೀಲರ ನೋಟಿಸ್ ಕೈಸೇರಿದ ದಿನ ವರದಿಗಾರ ಹೇಳುವ ಮೊದಲ ಮಾತು ‘ನಾನು ಬರೆದದ್ದೆಲ್ಲ ನಿಜ’. ನೋಟಿಸ್ ಕಳಿಸಿದವರ ಪ್ರಕಾರ ‘ಬರೆದದ್ದೆಲ್ಲ ಸುಳ್ಳು’. ನ್ಯಾಯಾಲಯದಲ್ಲಿ ಈ ಎರಡೂ ಮಾತು ಹೆಚ್ಚು ದೂರ ನಡೆಯುವುದಿಲ್ಲ. ವರದಿಯ ಅರ್ಥವೇನೆಂದು ತಿಳಿಯಲು ನ್ಯಾಯಾಧೀಶರು ಅದನ್ನು ಪೂರ್ತಿಯಾಗಿ ಓದುತ್ತಾರೆ, ನಿಜ. ಆದರೆ ಸಮರ್ಥನೆಯ ಪ್ರಶ್ನೆ ಬಂದಾಗ ಪ್ರತಿಯೊಂದು ಆರೋಪಕ್ಕೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕಾಗುತ್ತದೆ.

ಒಂದು ಕಾಲ್ಪನಿಕ ವರದಿಯನ್ನು ಇಟ್ಟುಕೊಳ್ಳೋಣ. ತಾಲ್ಲೂಕು ಮಟ್ಟದ ಪತ್ರಿಕೆಯೊಂದರಲ್ಲಿ ಕೆರೆ ಹೂಳೆತ್ತುವ ಕಾಮಗಾರಿಯ ಬಗ್ಗೆ ಐದು ಸಾಲು ಅಚ್ಚಾಗಿವೆ. ಒಂದು, ಕಾಮಗಾರಿಗೆ 18 ಲಕ್ಷ ರೂಪಾಯಿ ಬಿಲ್ ಪಾವತಿಯಾಗಿದೆ. ಎರಡು, ಪತ್ರಿಕೆ ಭೇಟಿ ಕೊಟ್ಟಾಗ ಹೂಳು ತೆಗೆದ ಗುರುತು ಕಾಣಲಿಲ್ಲ. ಮೂರು, ಪಂಚಾಯಿತಿ ಅಧ್ಯಕ್ಷರು ಮತ್ತು ಗುತ್ತಿಗೆದಾರರು ಸೇರಿ ಹಣ ನುಂಗಿದ್ದಾರೆ ಎನ್ನಲಾಗಿದೆ. ನಾಲ್ಕು, ಇಂಥ ಆಡಳಿತ ಊರಿಗೆ ನಾಚಿಕೆಗೇಡು. ಐದು, ಅಧ್ಯಕ್ಷರ ಮನೆಯಲ್ಲಿ ಗಂಡ ಹೆಂಡತಿ ಬೇರೆಯಾಗಿ ತಿಂಗಳಾಗಿದೆ.

ಮೊದಲು ಮಾಡಬೇಕಾದ ಕೆಲಸ, ಯಾವ ಸಾಲು ಸಂಗತಿ, ಯಾವುದು ಅಭಿಪ್ರಾಯ ಎಂದು ಗುರುತು ಹಾಕುವುದು. ನಾಲ್ಕನೆಯದು ಮಾತ್ರ ಅಭಿಪ್ರಾಯ, ಉಳಿದ ನಾಲ್ಕೂ ಸಂಗತಿ. ಮೂರನೆಯದಕ್ಕೆ ‘ಎನ್ನಲಾಗಿದೆ’ ಎಂಬ ಬಾಲ ಅಂಟಿಸಿದ್ದರೂ ಅದು ಸಂಗತಿಯೇ. ನಮ್ಮ ಸುದ್ದಿಮನೆಗಳಲ್ಲಿ ಈ ಪದದ ಮೇಲೆ ಅತಿಯಾದ ನಂಬಿಕೆಯಿದೆ. ಇನ್ನೊಬ್ಬರ ಆರೋಪವನ್ನು ಅಚ್ಚು ಮಾಡಿದವರೂ ಅದಕ್ಕೆ ಹೊಣೆಗಾರರೇ. ‘ಗ್ರಾಮಸ್ಥರು ಆರೋಪಿಸಿದ್ದಾರೆ’ ಎಂದು ಬರೆದರೂ, ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟರೂ ಹೊಣೆ ಕಳಚಿಕೊಳ್ಳುವುದಿಲ್ಲ.

ಸಂಗತಿಗೆ ಇರುವ ಸಮರ್ಥನೆ ಸತ್ಯ. ಇಲ್ಲಿ ಸಿವಿಲ್ ಮತ್ತು ಕ್ರಿಮಿನಲ್ ದಾರಿಗಳು ಬೇರೆಯಾಗುತ್ತವೆ. ಪರಿಹಾರ ಕೇಳಿ ಹೂಡುವ ಸಿವಿಲ್ ದಾವೆಯಲ್ಲಿ, ಬರೆದದ್ದು ನಿಜವೆಂದು ತೋರಿಸಿದರೆ ಅಷ್ಟೇ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಸಾಲದು. ಹಿಂದೆ ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳಲ್ಲಿದ್ದ ಈ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂಗೆ ಬಂದಿದೆ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆವಾಸ ಅಥವಾ ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಅದರ ಮೊದಲ ವಿನಾಯಿತಿಯ ಪ್ರಕಾರ ಮಾತು ಸತ್ಯವಾಗಿರಬೇಕು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿಯೂ ಆಗಿರಬೇಕು. ಈ ಕಾನೂನು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಸುಬ್ರಮಣಿಯನ್ ಸ್ವಾಮಿ ಮತ್ತಿತರರು ಹೂಡಿದ್ದ ಅರ್ಜಿಗಳನ್ನು 2016ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಾಗಾಗಿ ನಿಜ ಬರೆದವರೂ ಜೈಲಿನ ಭಯದಲ್ಲಿರಬೇಕಾದ ಸ್ಥಿತಿ ಹಾಗೆಯೇ ಉಳಿದಿದೆ. ಅದು ಸರಿಯೆಂದು ನನಗೆ ಅನ್ನಿಸುವುದಿಲ್ಲ, ಆದರೆ ಕಾನೂನು ಇರುವುದು ಹೀಗೆ.

ಈ ಅಳತೆಗೋಲನ್ನು ನಮ್ಮ ವರದಿಗೆ ಹಿಡಿದು ನೋಡೋಣ. ಒಂದನೇ ಸಾಲಿಗೆ ಮಾಹಿತಿ ಹಕ್ಕಿನಡಿ ಪಡೆದ, ಸೀಲು ಸಹಿ ಇರುವ ಪಾವತಿ ವೋಚರ್ ಮತ್ತು ಅಳತೆ ಪುಸ್ತಕದ ಪ್ರತಿ ಬೇಕು. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮಸುಕು ಚಿತ್ರ ಸುದ್ದಿಯ ಸುಳಿವಾದೀತು, ಸಾಕ್ಷ್ಯವಾಗಲಾರದು. ಎರಡನೇ ಸಾಲಿಗೆ ಫೋಟೊ ತೆಗೆದ ಫೋನನ್ನೇ ಕಾಯ್ದಿಡಿ. ಡಿಜಿಟಲ್ ಸಾಕ್ಷ್ಯದ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಫೋನ್ ಮಾರಿ, ಚಿತ್ರವನ್ನು ನಾಲ್ಕು ಕಡೆ ಫಾರ್ವರ್ಡ್ ಮಾಡಿ ಮೂಲ ಕಳೆದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ದಿನಾಂಕವೂ ಮುಖ್ಯ. ಬಿಲ್ ಪಾವತಿಯಾಗಿ ಎರಡು ಮಳೆಗಾಲ ಕಳೆದ ಮೇಲೆ ತೆಗೆದ ಫೋಟೊ ಇದ್ದರೆ, ‘ಹೂಳು ಮತ್ತೆ ತುಂಬಿದೆ’ ಎಂದು ಎದುರು ವಕೀಲರು ಸುಲಭವಾಗಿ ಹೇಳಿಬಿಡುತ್ತಾರೆ.

ಐದನೇ ಸಾಲು ನೂರಕ್ಕೆ ನೂರು ನಿಜವಿರಬಹುದು. ಆದರೂ ಕೆರೆಯ ಹಣಕ್ಕೂ ಅಧ್ಯಕ್ಷರ ಸಂಸಾರಕ್ಕೂ ಏನು ಸಂಬಂಧ? ಸಾರ್ವಜನಿಕ ಹಿತವಿಲ್ಲದ ಸತ್ಯ ಕ್ರಿಮಿನಲ್ ಪ್ರಕರಣದಲ್ಲಿ ಕಾಪಾಡುವುದಿಲ್ಲ. ಸಿವಿಲ್ ದಾವೆಯಲ್ಲಿ ಮಾನನಷ್ಟದಿಂದ ಪಾರಾದರೂ ಖಾಸಗಿತನದ ಉಲ್ಲಂಘನೆಯ ಪ್ರಶ್ನೆ ಏಳುತ್ತದೆ. ಜನರ ಕುತೂಹಲವೇ ಸಾರ್ವಜನಿಕ ಹಿತವಲ್ಲ.

ನಾಲ್ಕನೇ ಸಾಲು ನ್ಯಾಯಯುತ ಟೀಕೆಯ ವ್ಯಾಪ್ತಿಗೆ ಬರುತ್ತದೆ. ಸಾರ್ವಜನಿಕ ನೌಕರರ ಕರ್ತವ್ಯ ನಿರ್ವಹಣೆಯ ಬಗ್ಗೆ ಸದ್ಭಾವನೆಯ ಅಭಿಪ್ರಾಯಕ್ಕೆ ಎರಡನೇ ವಿನಾಯಿತಿಯಿದೆ. ಸಾರ್ವಜನಿಕ ವಿಷಯದಲ್ಲಿ ಯಾವುದೇ ವ್ಯಕ್ತಿಯ ನಡತೆಯ ಬಗೆಗಿನ ಅಭಿಪ್ರಾಯಕ್ಕೆ ಮೂರನೆಯದಿದ್ದು, ಗುತ್ತಿಗೆದಾರರ ಬಗೆಗಿನ ಟೀಕೆ ಇದರಡಿ ಬರುತ್ತದೆ. ಟೀಕೆ ಕಟುವಾಗಿದ್ದರೂ ಅಡ್ಡಿಯಿಲ್ಲ, ಆದರೆ ಯಾವ ಸಂಗತಿಯನ್ನು ಆಧರಿಸಿ ಹೀಗೆ ಹೇಳಿದ್ದಾರೆ ಎಂಬುದು ಓದುಗರಿಗೆ ಕಾಣಬೇಕು ಮತ್ತು ಆ ಸಂಗತಿ ನಿಜವಿರಬೇಕು. ‘ನಾಚಿಕೆಗೇಡು’ ನಿಂತಿರುವುದು ಮೊದಲೆರಡು ಸಾಲುಗಳ ಮೇಲೆ. ಅವು ಬಿದ್ದರೆ ಇದೂ ಬೀಳುತ್ತದೆ.

ಇನ್ನು ಎಲ್ಲಕ್ಕಿಂತ ಅಪಾಯದ ಮೂರನೇ ಸಾಲು. ‘ನುಂಗಿದ್ದಾರೆ’ ಎಂದರೆ ಕಳ್ಳತನದ ಆರೋಪ. ವೋಚರ್ ಮತ್ತು ಫೋಟೊಗಳಿಂದ ಹಣ ಹೋಗಿರುವುದು, ಕೆಲಸ ಕಾಣದಿರುವುದು ಗೊತ್ತಾಗುತ್ತದೆ. ಯಾರ ಜೇಬಿಗೆ ಹೋಯಿತು ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಸತ್ಯದ ಸಮರ್ಥನೆ ನಿಲ್ಲದು. ಉಳಿಯುವುದು ಒಂಬತ್ತನೇ ವಿನಾಯಿತಿ: ಸಾರ್ವಜನಿಕ ಹಿತಕ್ಕಾಗಿ, ಸದ್ಭಾವನೆಯಿಂದ ಮಾಡಿದ ಆರೋಪ. ಕಾನೂನಿನಲ್ಲಿ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಎಂದಷ್ಟೇ ಅಲ್ಲ, ತಕ್ಕ ಎಚ್ಚರ ವಹಿಸಿರಬೇಕು. ಅಧ್ಯಕ್ಷರಿಗೆ ಪ್ರಕಟಣೆಗೆ ಮುನ್ನ ಪ್ರಶ್ನೆ ಕಳಿಸಿದ್ದಿರಾ? ಗುತ್ತಿಗೆದಾರರಿಗೆ ಕರೆ ಮಾಡಿದ್ದಿರಾ? ಅವರು ಕೊಟ್ಟ ಉತ್ತರವನ್ನು ಅಚ್ಚು ಹಾಕಿದಿರಾ? ‘ಬ್ಲಿಟ್ಜ್’ ಪತ್ರಿಕೆಯ ಸಂಪಾದಕ ಕರಂಜಿಯಾ ಅವರ ವಿರುದ್ಧದ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್, ಸದ್ಭಾವನೆ ಮತ್ತು ಸಾರ್ವಜನಿಕ ಹಿತ ಎರಡನ್ನೂ ಸಾಬೀತು ಮಾಡಬೇಕು, ಒಂದು ಸಾಲದು ಎಂದಿತು. ಹೊರೆ ಬರೆದವರ ಮೇಲೆಯೇ ಇರುತ್ತದೆ. ಆದರೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಸಂಭವನೀಯತೆಯ ತಕ್ಕಡಿ ತಮ್ಮ ಕಡೆಗೆ ವಾಲಿದರೆ ಸಾಕು.

ಸಿವಿಲ್ ಕಡೆ ಪತ್ರಕರ್ತರಿಗೆ ಇನ್ನಷ್ಟು ನೆರಳಿದೆ. ತಮಿಳು ವಾರಪತ್ರಿಕೆ ‘ನಕ್ಕೀರನ್’ ಸಂಪಾದಕ ಆರ್. ರಾಜಗೋಪಾಲ್ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಮಾನನಷ್ಟಕ್ಕೆ ಪರಿಹಾರ ಕೇಳಿ ದಾವೆ ಹೂಡುವಂತಿಲ್ಲ. ಅಧಿಕಾರಿಯ ಅಧಿಕೃತ ಕೆಲಸದ ಬಗ್ಗೆ ಬರೆದದ್ದು ತಪ್ಪಾಗಿದ್ದರೂ, ಸಾಕಷ್ಟು ಪರಿಶೀಲಿಸಿಯೇ ಬರೆದದ್ದೆಂದು ತೋರಿಸಿದರೆ ಸಾಕು. ನಮ್ಮ ಉದಾಹರಣೆಯಲ್ಲಿ ಪಂಚಾಯಿತಿಯ ಹೆಸರಿನಲ್ಲಿ ಪರಿಹಾರ ಕೇಳಿದ್ದರೆ ಉತ್ತರದಲ್ಲಿ ಈ ತೀರ್ಪನ್ನೇ ಮೊದಲು ಹೇಳಬೇಕು. ಅಧ್ಯಕ್ಷರು ವೈಯಕ್ತಿಕವಾಗಿ ಹೂಡುವುದಕ್ಕೆ ತಡೆಯಿಲ್ಲ, ಅದಕ್ಕೆ ಪ್ರಕಟಣೆಯಿಂದ ಒಂದು ವರ್ಷದ ಕಾಲಮಿತಿ ಇದೆ. ಕ್ರಿಮಿನಲ್ ದೂರಿಗೆ ಮೂರು ವರ್ಷ.

ಈಗ ನೋಟಿಸಿಗೆ ಉತ್ತರ ಬರೆಯಬಹುದು. ಹೆದರಿ ಇಡೀ ವರದಿಗೆ ಕ್ಷಮೆ ಕೇಳಿದರೆ ಒಂದು, ಎರಡು ಮತ್ತು ನಾಲ್ಕನೇ ಸಾಲುಗಳನ್ನೂ ಕೈಯಾರೆ ಒಪ್ಪಿಸಿದಂತಾಗುತ್ತದೆ. ಆ ಮೂರನ್ನು ದಾಖಲೆ ಸಮೇತ ಸಮರ್ಥಿಸಿ. ಮೂರನೆಯದಕ್ಕೆ ‘ಹಣ ಪಾವತಿಯಾಗಿದೆ, ಕೆಲಸ ಕಂಡಿಲ್ಲ, ಹಣ ಯಾರಿಗೆ ಸೇರಿತು ಎಂಬುದಕ್ಕೆ ಪತ್ರಿಕೆಯ ಬಳಿ ದಾಖಲೆಯಿಲ್ಲ’ ಎಂದು ಮೊದಲು ಅಚ್ಚಾದ ಪುಟದಲ್ಲೇ ತಿದ್ದುಪಡಿ ಹಾಕಿ. ಐದನೆಯದಕ್ಕೆ ವಿಷಾದ ಸೂಚಿಸಿ ತೆಗೆದುಹಾಕಿ.

ಏಕಪಕ್ಷೀಯ ತಡೆಯಾಜ್ಞೆಯ ಮೇಲೂ ಕಣ್ಣಿರಲಿ. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ಬೆಂಗಳೂರಿನ ನ್ಯಾಯಾಲಯದಿಂದ ಹತ್ತಾರು ಮಾಧ್ಯಮ ಸಂಸ್ಥೆಗಳ ಮೇಲೆ ಒಮ್ಮೆಗೇ ಇಂಥ ಆಜ್ಞೆ ತಂದಿದ್ದು ನೆನಪಿರಬಹುದು. ನೋಟಿಸ್ ಬಂದ ಕೂಡಲೇ ಸಿವಿಲ್ ನ್ಯಾಯಾಲಯದಲ್ಲಿ ಕೇವಿಯಟ್ ಹಾಕಿದರೆ, 90 ದಿನಗಳವರೆಗೆ ನಿಮಗೆ ತಿಳಿಸದೆ ಆಜ್ಞೆ ಪಡೆಯುವುದು ಕಷ್ಟ. ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಬರಹ ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಎಂದು ಕಾಣದ ಹೊರತು ವಿಚಾರಣೆಗೆ ಮುನ್ನ ತಡೆ ಕೊಡಬಾರದು ಎಂದಿದೆ. ವಕೀಲರ ಕೈಗೆ ಆ ತೀರ್ಪಿನ ಪ್ರತಿಯನ್ನೂ ಕೊಡಿ.

ಕ್ರಿಮಿನಲ್ ದೂರಾದರೆ ಠಾಣೆಯಲ್ಲಿ ಎಫ್‌ಐಆರ್ ಆಗುವಂತಿಲ್ಲ, ನೊಂದವರು ನೇರವಾಗಿ ಮ್ಯಾಜಿಸ್ಟ್ರೇಟ್ ಬಳಿಗೇ ಹೋಗಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂನಂತೆ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವ ಮುನ್ನ ಆರೋಪಿಯ ಮಾತನ್ನೂ ಕೇಳಬೇಕು. ವೋಚರ್, ಅಳತೆ ಪುಸ್ತಕ, ಅಧ್ಯಕ್ಷರಿಗೆ ಕಳಿಸಿದ ಪ್ರಶ್ನೆಗಳು ಮತ್ತು ಅಚ್ಚಾದ ತಿದ್ದುಪಡಿ, ಇವೆಲ್ಲ ಆ ದಿನವೇ ಕಡತದಲ್ಲಿರಲಿ.